ಹನ್ನೆರಡೂವರೆ ಗಂಟೆಯ ಅಂತರದಲ್ಲಿ ಸಂಸಾರ

(ಗಂಡ–ಹೆಂಡತಿ ಬೇರೆ ಬೇರೆ ದೇಶಗಳಲ್ಲಿ ದುಡಿಯುವ ಕುಟುಂಬಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ದೂರದಲ್ಲಿದ್ದುಕೊಂಡು ಸಂಬಂಧ ಉಳಿಸಿಕೊಳ್ಳುವುದು ಎಂಬ ವಿಷಯ ಬಹಳ ವಿಸ್ತಾರವಾದದ್ದು. ಬೀದರಿನಲ್ಲಿ ಗಂಡ, ಮೈಸೂರಿನಲ್ಲಿ ಹೆಂಡತಿ ಎಂಬಂಥ ವರ್ಗಾವಣೆಯ ಸಂಸಾರಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಅಲ್ಲಿ ದೂರವಿದೆ, ಆದರೆ ಗಡಿಯಾರ ಒಂದೇ. ರಾತ್ರಿ ಒಂಬತ್ತಕ್ಕೆ ಇಬ್ಬರೂ ಊಟ ಮುಗಿಸಿ ಕೂತಿರುತ್ತಾರೆ. ನಾನಿಂದು ಮಾತನಾಡಲು ಆಯ್ದುಕೊಂಡಿರುವುದು ಗಡಿಯಾರವೇ ಎದುರು ನಿಲ್ಲುವ ಸಂಸಾರಗಳ ಬಗ್ಗೆ, ಅದರಲ್ಲೂ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೆಲಸ ಮಾಡುವ ದಂಪತಿಗಳ ಬಗ್ಗೆ.

ಕೊಲ್ಲಿ ದೇಶಗಳ ಮಾತು ಇಲ್ಲಿ ಬರುವುದಿಲ್ಲವೇ ಎಂದು ಮಂಗಳೂರು, ಉಡುಪಿ ಕಡೆಯವರು ಕೇಳಬಹುದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ, ಅಷ್ಟೆ. ಅಲ್ಲಿ ತೊಡಕಾಗುವುದು ಗಡಿಯಾರಕ್ಕಿಂತ ಹೆಚ್ಚಾಗಿ ಪಾಳಿ ಮತ್ತು ವಾರದ ರಜೆ. ಯುಎಇ 2022ರಲ್ಲಿ ವಾರಾಂತ್ಯವನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡಿತು. ಸೌದಿ, ಕುವೈತ್‌ಗಳಲ್ಲಿ ಈಗಲೂ ಶುಕ್ರವಾರ, ಶನಿವಾರವೇ ರಜೆ. ಜರ್ಮನಿಯಲ್ಲಿರುವವರಿಗೆ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಅವರ ಸಂಜೆಯೂ ನಮ್ಮ ರಾತ್ರಿಯೂ ಹೇಗೋ ಒಂದಕ್ಕೊಂದು ಸೇರುತ್ತವೆ. ಕ್ಯಾಲಿಫೋರ್ನಿಯಾದ ಲೆಕ್ಕವೇ ಬೇರೆ. ಅಲ್ಲಿ ನಮ್ಮ ಹಗಲು ಪೂರ್ತಿಯಾಗಿ ಅವರ ರಾತ್ರಿ.

ಇಂಥ ಸಂಸಾರಗಳು ಹೆಚ್ಚಲು ಒಂದು ಸ್ಪಷ್ಟ ಕಾರಣವಿದೆ. ಎಚ್-1ಬಿ ವೀಸಾದಲ್ಲಿ ದುಡಿಯುವವರ ಸಂಗಾತಿಗೆ ಎಚ್-4 ವೀಸಾ ಸಿಗುತ್ತದೆ. ಆ ವೀಸಾದಲ್ಲಿ ಅಲ್ಲಿ ವಾಸಿಸಬಹುದು, ಆದರೆ ಅದೊಂದರ ಬಲದಿಂದ ಕೆಲಸ ಮಾಡುವಂತಿಲ್ಲ. 2015ರಿಂದ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತಿದೆಯಾದರೂ ಅದಕ್ಕೆ ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿರಬೇಕು. ಹತ್ತು ವರ್ಷ ಕಷ್ಟಪಟ್ಟು ಟೀಮ್ ಲೀಡ್ ಆದ ಹೆಣ್ಣುಮಗಳು ಕೆಲಸ ಬಿಟ್ಟು ಅಲ್ಲಿ ಮನೆಯಲ್ಲಿ ಕೂರಲು ಒಪ್ಪದಿದ್ದರೆ ಅದನ್ನು ಹಟವೆನ್ನಲಾಗದು. ಆದ್ದರಿಂದ "ಒಂದೆರಡು ವರ್ಷ ಹೀಗೇ ನೋಡೋಣ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ಒಂದೆರಡು ವರ್ಷ ದಿನದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಕೂತು ಬರೆದು ನೋಡಿರುವುದಿಲ್ಲ.

ಬರೆದು ನೋಡೋಣ. ನಾನು ಹತ್ತಿರದಿಂದ ಬಲ್ಲ ಒಂದು ಜೋಡಿಯನ್ನೇ ತೆಗೆದುಕೊಳ್ಳುತ್ತೇನೆ; ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಹೆಂಡತಿ ಜಯನಗರದಲ್ಲಿ ಅತ್ತೆ ಮತ್ತು ಆರು ವರ್ಷದ ಮಗಳೊಂದಿಗೆ ಇದ್ದಾರೆ. ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ. ಮಗಳ ಶಾಲಾ ವ್ಯಾನ್ ಬೆಳಗ್ಗೆ 7.50ಕ್ಕೆ ಬರುತ್ತದೆ, ಆಕೆ 8.45ಕ್ಕೆ ಮನೆ ಬಿಟ್ಟು, ಸಂಜೆ ಏಳರ ಹೊತ್ತಿಗೆ ಮರಳುತ್ತಾರೆ. ಗಂಡ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಒಬ್ಬರೇ ಇದ್ದಾರೆ. ಬೆಳಗ್ಗೆ ಏಳಕ್ಕೆ ಎದ್ದು ಒಂಬತ್ತಕ್ಕೆ ಆಫೀಸಿಗೆ ಹೊರಟರೆ, ಮನೆಗೆ ಬರುವುದು ಸಂಜೆ 6.30ಕ್ಕೆ.

ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಅಂದರೆ ಆತನ ಸಂಜೆ 6.30 ಎಂದರೆ ಇಲ್ಲಿ ಮರುದಿನ ಬೆಳಗಿನ 7. ವ್ಯಾನ್ ಬರಲು ಐವತ್ತು ನಿಮಿಷ ಇದೆ. ಆತನ ಬೆಳಗಿನ 7 ಎಂದರೆ ಇಲ್ಲಿ ಸಂಜೆ 7.30, ಆತ ಆಫೀಸಿಗೆ ಹೊರಡುವ ಹೊತ್ತಿಗೆ ಇಲ್ಲಿ ರಾತ್ರಿ 9.30. ದಿನಕ್ಕೆ ಎರಡು ಕಿಟಕಿಗಳು ಸಿಕ್ಕವು, ಬೆಳಗ್ಗೆ ಮುಕ್ಕಾಲು ಗಂಟೆ, ರಾತ್ರಿ ಎರಡು ಗಂಟೆ. ಕಾಗದದ ಮೇಲೆ ಇದು ಧಾರಾಳವಾಗಿಯೇ ಕಾಣುತ್ತದೆ. ಒಂದೇ ಮನೆಯಲ್ಲಿರುವ ಎಷ್ಟೋ ದಂಪತಿಗಳಿಗೆ ಇಷ್ಟು ಸಮಯ ಸಿಗುವುದಿಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಈಗ ಆ ಕಿಟಕಿಗಳ ಒಳಗೆ ಏನಿದೆ ನೋಡಿ. ಬೆಳಗಿನ ಏಳು ಗಂಟೆ ಎಂದರೆ ಬೆಂಗಳೂರಿನ ಮನೆಯಲ್ಲಿ ಕುಕ್ಕರ್ ಕೂಗುವ, ಮಗುವಿಗೆ ಜಡೆ ಹಾಕುವ, ಟಿಫಿನ್ ಡಬ್ಬಿ ತುಂಬುವ, ಕೆಲಸದವರು ಬಾಗಿಲು ತಟ್ಟುವ ಹೊತ್ತು. ರಾತ್ರಿಯ ಎರಡು ಗಂಟೆಯಲ್ಲಿ ಮಗುವಿನ ಊಟ, ಹೋಂವರ್ಕ್, ನಿದ್ದೆ ಸೇರಿವೆ. ಇದೆಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಅಮೆರಿಕದ ತಂಡಗಳೊಂದಿಗೆ ಕೆಲಸ ಮಾಡುವ ಬೆಂಗಳೂರಿನ ಕಂಪನಿಗಳು ಮೀಟಿಂಗ್ ಇಡುವುದೂ ಇದೇ ಹೊತ್ತಿನಲ್ಲಿ. ಗಂಡನಿಗೆ ಬಿಡುವಾಗುವ ಬೆಳಗಿನ ಎಂಟು ಗಂಟೆಯೇ ಹೆಂಡತಿಯ ಅಮೆರಿಕನ್ ಮ್ಯಾನೇಜರ್‌ಗೂ ಬಿಡುವಾಗುವ ಹೊತ್ತು. ಎರಡು ಖಂಡಗಳು ಒಟ್ಟಿಗೆ ಎಚ್ಚರವಿರುವ ಕಾಲ ಅಷ್ಟೇ ಇರುವುದರಿಂದ ಅದನ್ನು ಸಂಸಾರವೂ ಬಯಸುತ್ತದೆ, ಆಫೀಸೂ ಬಯಸುತ್ತದೆ. ಈ ಜೋಡಿಯಲ್ಲಿ ವಾರಕ್ಕೆ ಮೂರು ದಿನ ರಾತ್ರಿ 8.30ರಿಂದ 9.30ರವರೆಗೆ ಆಕೆಗೆ ಮೀಟಿಂಗ್ ಇತ್ತು. ಆ ದಿನಗಳಲ್ಲಿ ಉಳಿಯುತ್ತಿದ್ದದ್ದು 7.30ರಿಂದ 8.30, ಅದು ಮಗಳ ಪಾಲು.

ಇಲ್ಲಿಯವರೆಗಿನದು ಸಮಯದ ಅಭಾವದ ಮಾತು. ಇದು ಎಲ್ಲರಿಗೂ ಗೊತ್ತಿರುವಂಥದು. ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೊಂದು ಸಂಗತಿ. ಹನ್ನೆರಡು ಗಂಟೆಯ ಆಸುಪಾಸಿನ ಅಂತರದಲ್ಲಿ ಮಾತಿಗೆ ಕೂರುವ ಇಬ್ಬರು ಎಂದೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಒಬ್ಬರ ದಿನ ಮುಗಿದಿರುತ್ತದೆ, ಇನ್ನೊಬ್ಬರದು ಶುರುವೇ ಆಗಿರುವುದಿಲ್ಲ. ರಾತ್ರಿಯ ಕಿಟಕಿಯಲ್ಲಿ ಆಕೆಯ ಬಳಿ ಹೇಳಲು ಇಡೀ ದಿನವಿರುತ್ತದೆ: ಟ್ರಾಫಿಕ್, ಮ್ಯಾನೇಜರ್, ಅತ್ತೆಯ ಮಂಡಿನೋವು, ಶಾಲೆಯಿಂದ ಬಂದ ಸುತ್ತೋಲೆ. ಆಗತಾನೇ ಎದ್ದು ಕಾಫಿ ಹಿಡಿದು ಕೂತ ಆತನ ಬಳಿ ಹೇಳಲು ಏನೂ ಇರುವುದಿಲ್ಲ, ಮನಸ್ಸು ಮುಂದಿರುವ ದಿನದ ಕಡೆ ತಿರುಗಿರುತ್ತದೆ. "ನೀನೇನೂ ಹೇಳೋದೇ ಇಲ್ಲ" ಎಂದು ಆಕೆ. "ಈಗಷ್ಟೇ ಎದ್ದಿದ್ದೀನಿ, ಏನು ಹೇಳ್ಲಿ?" ಎಂದು ಆತ. ಬೆಳಗಿನ ಕಿಟಕಿಯಲ್ಲಿ ಇದೇ ದೃಶ್ಯ ತಿರುಗುಮುರುಗು. ಆತನಿಗೆ ಹೇಳಬೇಕೆನಿಸುವ ಹೊತ್ತಿನಲ್ಲಿ ಆಕೆ ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿಟ್ಟು ಚಪಾತಿ ಮಡಚುತ್ತಿರುತ್ತಾರೆ.

ಇದರಿಂದ ಆಗುವ ಪರಿಣಾಮ ಹೀಗೆ. ಅನುಕೂಲದ ದೃಷ್ಟಿಯಿಂದ ಬಹುಪಾಲು ದಂಪತಿಗಳು ಎರಡು ಕಿಟಕಿಗಳಲ್ಲಿ ಒಂದನ್ನು ಕೈಬಿಡುತ್ತಾರೆ. ಬೆಳಗ್ಗೆ ಗಡಿಬಿಡಿ, ರಾತ್ರಿಯೇ ಮಾತನಾಡೋಣ ಎನ್ನುತ್ತಾರೆ. ಆರು ತಿಂಗಳು ಹೀಗೆ ನಡೆದರೆ ಒಬ್ಬರು ಸದಾ ಹೇಳುವವರು, ಇನ್ನೊಬ್ಬರು ಸದಾ ಕೇಳುವವರು ಎಂದಾಗುತ್ತದೆ. ಹೇಳುವವರಿಗೆ ತಾನೊಬ್ಬಳೇ ಸಂಸಾರದ ಭಾರ ಹೊತ್ತಿದ್ದೇನೆ ಎನಿಸುತ್ತದೆ. ಕೇಳುವವರಿಗೆ ತನ್ನ ಬದುಕಿನಲ್ಲಿ ಏನಾಗುತ್ತಿದೆ ಎಂದು ಯಾರಿಗೂ ಬೇಕಿಲ್ಲ ಎನಿಸುತ್ತದೆ. ಇಬ್ಬರೂ ಇದನ್ನು ಎದುರಿನವರ ಸ್ವಭಾವವೆಂದು ತಿಳಿಯುತ್ತಾರೆ. ನನ್ನ ಬಳಿ ಬಂದ ಎಷ್ಟೋ ದೂರುಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, "ನೀವು ಮಾತನಾಡುವಾಗ ನಿಮ್ಮಲ್ಲಿ ಎಷ್ಟು ಗಂಟೆ, ಅವರಲ್ಲಿ ಎಷ್ಟು ಗಂಟೆ?" ಎಂಬುದು. ಆತ ಮಾತು ಕಡಿಮೆಯವನೋ ಅಥವಾ ಬೆಳಗಿನ ಏಳೂವರೆಗೆ ಮಾತ್ರ ಸಿಗುವವನೋ ಎಂಬುದು ಆ ಉತ್ತರದಿಂದ ಸುಮಾರಾಗಿ ತಿಳಿಯುತ್ತದೆ.

ಆದ್ದರಿಂದ ನಾನು ಹೇಳುವ ಮೊದಲ ವ್ಯವಸ್ಥೆ ಎಂದರೆ ವಾರದಲ್ಲಿ ಕನಿಷ್ಠ ಎರಡು ಸಲವಾದರೂ ಇನ್ನೊಂದು ಕಿಟಕಿಯಲ್ಲಿ ಮಾತು ನಡೆಯಬೇಕು. ಅದು ಸಾಧ್ಯವಾಗದ ದಿನ ಆತ ಮಲಗುವ ಮುಂಚೆ, ಅಂದರೆ ತನ್ನ ದಿನ ಇನ್ನೂ ಬಿಸಿಯಾಗಿರುವಾಗಲೇ, ನಾಲ್ಕೈದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಬೇಕು. ಅದನ್ನು ಆಕೆ ಆಫೀಸಿನ ಕ್ಯಾಬಿನಲ್ಲೋ ಮೆಟ್ರೊದಲ್ಲೋ ಕೇಳಿಸಿಕೊಳ್ಳಬಹುದು. ಟೈಪ್ ಮಾಡಿದ ಸಂದೇಶಕ್ಕಿಂತ ದನಿ ಏಕೆ ಮೇಲು ಎಂದರೆ ದಣಿವು, ಬೇಸರ, ತಮಾಷೆ ಇವು ದನಿಯಲ್ಲಿ ತಾವಾಗಿ ಬರುತ್ತವೆ. ಬರಹದಲ್ಲಿ "ಓಕೆ" ಎಂಬ ಎರಡಕ್ಷರವನ್ನು ಹನ್ನೆರಡು ಗಂಟೆ ಕಾಲ ಹಿಡಿದುಕೊಂಡು ಅದರ ಅರ್ಥ ಹುಡುಕುತ್ತ ಕೂರಬೇಕಾಗುತ್ತದೆ.

ಎರಡನೆಯ ಸಂಗತಿ ಜಗಳದ್ದು. ಜಗಳವಿಲ್ಲದ ಸಂಸಾರವಿಲ್ಲ, ಅದನ್ನು ತಪ್ಪಿಸುವ ಉಪಾಯ ನನ್ನ ಬಳಿಯೂ ಇಲ್ಲ. ಆದರೆ ಒಂದೇ ಮನೆಯಲ್ಲಿ ಆಗುವ ಜಗಳಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಮನೆಯಲ್ಲಿ ಜಗಳವಾದರೆ ಒಂದು ಗಂಟೆಯ ನಂತರ ಯಾರಾದರೊಬ್ಬರು ಕಾಫಿ ತಂದಿಡುತ್ತಾರೆ, ಅಥವಾ ಮಗು ನಡುವೆ ಬರುತ್ತದೆ. ಇಲ್ಲಿ ರಾತ್ರಿ 9.20ಕ್ಕೆ ಗೃಹಸಾಲದ ಮಾತೆತ್ತಿದರೆ 9.30ಕ್ಕೆ ಆತ ಹೊರಡಲೇಬೇಕು. ಫೋನ್ ಇಟ್ಟ ಮೇಲೆ ಆತನನ್ನು ದಿನದ ಕೆಲಸ ಎಳೆದುಕೊಂಡು ಹೋಗುತ್ತದೆ. ಆಕೆಯ ಮುಂದಿರುವುದು ಕತ್ತಲೆ ಕೋಣೆ ಮತ್ತು ಮಗ್ಗುಲಲ್ಲಿ ಮಲಗಿದ ಮಗು. ಆತ ಸಂಜೆಯ ಹೊತ್ತಿಗೆ ಅರ್ಧ ಮರೆತಿರುತ್ತಾನೆ. ಆಕೆ ರಾತ್ರಿಯಿಡೀ ಅದನ್ನೇ ತಿರುವಿ ತಿರುವಿ ನೋಡಿ ಬೆಳಗ್ಗೆ ಏಳಕ್ಕೆ ಫೋನೆತ್ತುತ್ತಾರೆ. ಬೆಳಗಿನ ಕಿಟಕಿಯಲ್ಲಿ ಜಗಳವಾದರೆ ನಿದ್ದೆಗೆಡುವ ಸರದಿ ಆತನದು. ಯಾರು ದಿನದ ಕೊನೆಯಲ್ಲಿದ್ದಾರೋ ಅವರಿಗೇ ಪೆಟ್ಟು ಹೆಚ್ಚು.

ಹೀಗಾಗಿ ಹಣ, ವೀಸಾ, ಮಗುವಿನ ಶಾಲೆ, ಅತ್ತೆ ಮಾವಂದಿರ ಆರೋಗ್ಯ, ಮರಳಿ ಬರುವ ಮಾತು, ಇವುಗಳಿಗೆ ಬೇರೆಯೇ ಹೊತ್ತು ಬೇಕು. ವಾರದ ಲೆಕ್ಕ ಹಾಕಿದರೆ ಅಂಥ ಹೊತ್ತು ಒಂದು ಸಿಗುತ್ತದೆ. ಬೆಂಗಳೂರಿನ ಭಾನುವಾರ ಬೆಳಗಿನ 8 ಗಂಟೆ ಎಂದರೆ ಬೇಸಿಗೆಯಲ್ಲಿ ಅಲ್ಲಿ ಶನಿವಾರ ಸಂಜೆ 7.30. ಇಬ್ಬರಿಗೂ ಆಗ ರಜೆ, ಮುಂದಿನ ಕೆಲವು ಗಂಟೆಗಳಲ್ಲಿ ಯಾರಿಗೂ ಆಫೀಸಿಲ್ಲ, ಇಬ್ಬರೂ ನಿದ್ದೆ ಮಾಡಿ ಎದ್ದವರೇ. ಮಾತು ಎರಡು ಗಂಟೆ ಎಳೆದರೂ ತೊಂದರೆಯಿಲ್ಲ. ಇದಕ್ಕೆ ಹೋಲಿಸಿದರೆ ನಮ್ಮ ಭಾನುವಾರ ರಾತ್ರಿ ಅಷ್ಟು ಒಳ್ಳೆಯದಲ್ಲ, ಇಲ್ಲಿಯವರ ತಲೆಯ ಮೇಲೆ ಆಗಲೇ ಸೋಮವಾರ ಕೂತಿರುತ್ತದೆ. ಅವರ ಭಾನುವಾರ ಸಂಜೆಯಂತೂ ನಮಗೆ ಸೋಮವಾರದ ಬೆಳಗು. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ವಾರದ ನಡುವೆ ಇಂಥ ವಿಷಯ ತಲೆಯೆತ್ತಿದರೆ "ಭಾನುವಾರಕ್ಕೆ ಇಡೋಣ" ಎಂದು ಇಬ್ಬರಲ್ಲಿ ಯಾರು ಬೇಕಾದರೂ ಹೇಳಬಹುದು, ಹೇಳಿದರೆ ಇನ್ನೊಬ್ಬರು ಅಲ್ಲಿಗೇ ನಿಲ್ಲಿಸಬೇಕು, ಭಾನುವಾರ ಆ ಮಾತನ್ನು ಎತ್ತುವ ಹೊಣೆ ಮುಂದೂಡಿದವರದ್ದು. ಈ ಕೊನೆಯ ಷರತ್ತು ಇಲ್ಲದಿದ್ದರೆ ಮುಂದೂಡಿಕೆ ಎಂಬುದು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ನಾನು ಹೇಳಿದ ಜೋಡಿಯಲ್ಲಿ ಮುಂದೂಡುತ್ತಿದ್ದವರು ಹೆಚ್ಚಾಗಿ ಗಂಡನೇ. ಷರತ್ತು ಬಂದ ಮೇಲೆ ಆತ "ಈಗಲೇ ಮುಗಿಸೋಣ" ಎನ್ನಲು ಕಲಿತರು.

ಭಾನುವಾರದ ಈ ಹೊತ್ತಿಗೆ ಇನ್ನೊಂದು ಗಂಡಾಂತರವಿದೆ, ಅದು ಮನೆಯ ಉಳಿದವರು. ಮಗ ಫೋನ್ ಮಾಡಿದ್ದಾನೆಂದರೆ ಅಮ್ಮ ಬಂದು ಕೂರುವುದು ಸಹಜ, ಮಗಳು ಫೋನ್ ಕಿತ್ತುಕೊಳ್ಳುವುದೂ ಸಹಜ. ಒಂದು ಗಂಟೆಯ ಕರೆಯಲ್ಲಿ ಅಮ್ಮನಿಗೆ ಇಪ್ಪತ್ತು ನಿಮಿಷ, ಮಗಳಿಗೆ ಇಪ್ಪತ್ತೈದು, ಕೊನೆಗೆ ಹೆಂಡತಿಗೆ "ಸರಿ, ಎಲ್ಲಾ ಕೇಳಿದೆಯಲ್ಲ, ಇಡ್ಲಾ?" ಎಂಬುದಷ್ಟೇ. ಇದಕ್ಕೆ ಅತ್ತೆಯನ್ನು ದೂರುವುದು ಅನ್ಯಾಯ. ಮಗ ತನ್ನ ತಾಯಿಗೆ ತಾಯಿಯ ಫೋನಿಗೇ ಬೇರೆ ಕರೆ ಮಾಡಬೇಕು. ಅದಕ್ಕೆ ಶನಿವಾರ ಬೆಳಗ್ಗೆ, ಅಂದರೆ ಆತನ ಶುಕ್ರವಾರ ರಾತ್ರಿ, ಸರಿಯಾದ ಹೊತ್ತು. ಸೊಸೆ "ಅತ್ತೇ, ನಾವು ಸ್ವಲ್ಪ ಮಾತಾಡಬೇಕು" ಎಂದು ಹೇಳುವುದಕ್ಕಿಂತ ಮಗನೇ "ಅಮ್ಮ, ನಿನಗೆ ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ" ಎಂದರೆ ಮನೆಯಲ್ಲಿ ಅಸಮಾಧಾನ ಉಳಿಯುವುದಿಲ್ಲ.

ಇನ್ನು ಚಳಿಗಾಲಕ್ಕೆ ಬರುತ್ತೇನೆ. ಜೋಡಿಸಿಟ್ಟದ್ದೆಲ್ಲ ಕಳಚುವುದು ಇಲ್ಲಿ. ಅಮೆರಿಕದ ಬಹುತೇಕ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರ್ ತಿಂಗಳ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ. 2007ರಿಂದ ಈ ದಿನಾಂಕಗಳೇ ನಡೆದಿವೆ. ಭಾರತದಲ್ಲಿ ಇಂಥ ಪದ್ಧತಿಯಿಲ್ಲ. ಹಾಗಾಗಿ ನವೆಂಬರಿನಲ್ಲಿ ಹನ್ನೆರಡೂವರೆ ಗಂಟೆಯ ಅಂತರ ಹದಿಮೂರೂವರೆ ಆಗುತ್ತದೆ. ಒಂದೇ ಗಂಟೆಯಲ್ಲವೇ ಎನ್ನಬಹುದು. ನಮ್ಮ ಜೋಡಿಯ ಲೆಕ್ಕಕ್ಕೆ ಅದನ್ನು ಹಚ್ಚಿ ನೋಡೋಣ. ಆತ ಮನೆಗೆ ಬರುವ ಸಂಜೆ 6.30 ಈಗ ಇಲ್ಲಿ ಬೆಳಗಿನ 8. ವ್ಯಾನ್ 7.50ಕ್ಕೆ ಹೋಗಿಯಾಯಿತು. ಮಗಳು ಅಪ್ಪನನ್ನು ಬೆಳಗ್ಗೆ ನೋಡುವುದು ಹತ್ತು ನಿಮಿಷದಿಂದ ತಪ್ಪಿತು, ಆದರೆ ಪೂರ್ತಿಯಾಗಿ ತಪ್ಪಿತು. ಆತ ಏಳುವ ಬೆಳಗಿನ 7 ಈಗ ಇಲ್ಲಿ ರಾತ್ರಿ 8.30, ಮಗಳು ಒಂಬತ್ತಕ್ಕೆ ಮಲಗುತ್ತಾಳೆ, ಸಿಗುವುದು ಅರ್ಧ ಗಂಟೆ. ಅಮೆರಿಕದ ಗಡಿಯಾರಕ್ಕೆ ಅಂಟಿಕೊಂಡ ಆಕೆಯ ಮೀಟಿಂಗ್ ರಾತ್ರಿ 9.30ಕ್ಕೆ ಜಾರಿ 10.30ಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಆತ ಆಫೀಸಿಗೆ ಹೊರಟಿರುತ್ತಾನೆ. ಮೂರು ಕಡೆ ಒಟ್ಟಿಗೆ ಹರಿದ ಚಾಪೆ ಇದು, ಯಾವ ತುದಿ ಎಳೆದರೂ ಇನ್ನೊಂದು ಕಡೆ ಕಾಲು ಹೊರಗೆ.

ಮೊದಲ ವರ್ಷ ಈ ಜೋಡಿ ನವೆಂಬರಿನಿಂದ ಜನವರಿಯವರೆಗೆ ಬಹಳ ಕಷ್ಟಪಟ್ಟಿತು. ಗಡಿಯಾರ ಬದಲಾದದ್ದು ಇಬ್ಬರಿಗೂ ಗೊತ್ತಿತ್ತು. ಆದರೆ ತಮ್ಮ ನಡುವಿನ ಬಿಗಿತಕ್ಕೆ ಅದೇ ಕಾರಣವೆಂದು ಹೊಳೆಯಲಿಲ್ಲ. ಆತನಿಗೆ ಆಸಕ್ತಿ ಕುಂದಿದೆ ಎಂದು ಆಕೆ, ಆಕೆಗೆ ತನ್ನ ಅಗತ್ಯವಿಲ್ಲ ಎಂದು ಆತ ಅಂದುಕೊಂಡರು. ಮಗಳು ಫೋನಿನಲ್ಲಿ ಮಾತನಾಡಲು ಹಿಂಜರಿಯಲಾರಂಭಿಸಿದ್ದನ್ನು ಕಂಡು ಇಬ್ಬರೂ ಗಾಬರಿಯಾದರು. ಮರುವರ್ಷ ಅಕ್ಟೋಬರಿನಲ್ಲೇ ಕೂತು ಹೊಸ ವೇಳಾಪಟ್ಟಿ ಮಾಡಿದರು. ಆತ ತನ್ನ ಮ್ಯಾನೇಜರ್‌ಗೆ ತಿಳಿಸಿ ಮಂಗಳವಾರ ಮತ್ತು ಗುರುವಾರ ಸಂಜೆ 5.30ಕ್ಕೆ ಆಫೀಸಿನ ಪಾರ್ಕಿಂಗ್‌ನಲ್ಲಿ ನಿಂತ ತನ್ನ ಕಾರಿನಲ್ಲಿ ಕೂತು ಇಪ್ಪತ್ತು ನಿಮಿಷ ಮಗಳೊಂದಿಗೆ ಮಾತನಾಡುವಂತೆ ಮಾಡಿಕೊಂಡರು; ಇಲ್ಲಿ ಅದು ಬುಧವಾರ ಮತ್ತು ಶುಕ್ರವಾರ ಬೆಳಗಿನ 7. ಆಕೆ ಮೂರು ರಾತ್ರಿ ಮೀಟಿಂಗ್‌ಗಳಲ್ಲಿ ಒಂದನ್ನು ಸಹೋದ್ಯೋಗಿಗೆ ವಹಿಸಿದರು. ಉಳಿದ ಹೊತ್ತನ್ನು ಕಳೆದುಕೊಂಡೆವು ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದರಿಂದಲೇ ಸ್ವಲ್ಪ ಹಗುರವಾಯಿತು ಎಂಬುದು ನನ್ನ ಅಭಿಪ್ರಾಯ. ಸಿಗದ ಹೊತ್ತಿಗಾಗಿ ದಿನಾ ಕಾಯುವುದು ನಿಂತಿತು.

ಇಲ್ಲಿ ಕ್ಯಾಲೆಂಡರ್ ಆ್ಯಪ್‌ನ ಒಂದು ಸಣ್ಣ ಸೂಕ್ಷ್ಮವನ್ನು ಹೇಳಬೇಕು. ಪ್ರತಿವಾರ ಮರುಕಳಿಸುವ ಕರೆಯನ್ನು ಕ್ಯಾಲೆಂಡರ್‌ನಲ್ಲಿ ದಾಖಲಿಸುವಾಗ ಅದು ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದು ಎಂಬುದೂ ದಾಖಲಾಗುತ್ತದೆ. Asia/Kolkata ಎಂದು ಇಟ್ಟು ರಾತ್ರಿ 8ಕ್ಕೆ ಗೊತ್ತು ಮಾಡಿದರೆ ಬೇಸಿಗೆಯಲ್ಲಿ ಅಲ್ಲಿ ಬೆಳಗಿನ 7.30 ಆಗಿದ್ದದ್ದು ನವೆಂಬರಿನಿಂದ ಬೆಳಗಿನ 6.30 ಆಗುತ್ತದೆ, ಅಲ್ಲಿಯವರ ನಿದ್ದೆ ಹೋಗುತ್ತದೆ. America/Los_Angeles ಎಂದು ಇಟ್ಟರೆ ಅಲ್ಲಿ 7.30 ಹಾಗೇ ಉಳಿದು ಇಲ್ಲಿ ರಾತ್ರಿ 9 ಆಗುತ್ತದೆ. ಸಾಮಾನ್ಯವಾಗಿ ಕರೆಯನ್ನು ಯಾರು ದಾಖಲಿಸಿದರೋ ಅವರ ಊರಿನ ಹೆಸರು ತಾನಾಗಿ ಬರುವುದರಿಂದ, ಒಂದು ಗಂಟೆಯ ನಷ್ಟ ಯಾರಿಗೆ ಎಂಬುದನ್ನು ಇಬ್ಬರೂ ಯೋಚಿಸದೆಯೇ ಆ್ಯಪ್ ತೀರ್ಮಾನಿಸಿಬಿಟ್ಟಿರುತ್ತದೆ. ಮಗುವಿನ ಕರೆಗೆ ಬೆಂಗಳೂರಿನ ಗಡಿಯಾರ, ಏಕೆಂದರೆ ಶಾಲೆಯೂ ಮಗುವಿನ ನಿದ್ದೆಯೂ ಸರಿಯುವುದಿಲ್ಲ; ಇಬ್ಬರ ಕರೆಗೆ ಒಂದು ವರ್ಷ ಇಲ್ಲಿಯದು, ಮರುವರ್ಷ ಅಲ್ಲಿಯದು ಎಂದು ಮಾಡಿಕೊಂಡರೆ ನ್ಯಾಯವಾಗಿರುತ್ತದೆ.

ದಿನಗಳ ಗೊಂದಲವೂ ಇದಕ್ಕೆ ಸೇರಿದ್ದು. "ಬುಧವಾರ ಮಾತಾಡೋಣ" ಎಂದರೆ ಯಾರ ಬುಧವಾರ? ಈ ಜೋಡಿ ಸದಾ ಎದುರಿನವರ ದಿನ, ಎದುರಿನವರ ಗಂಟೆಯನ್ನೇ ಹೇಳುವ ರೂಢಿ ಮಾಡಿಕೊಂಡಿತು: "ನಿನ್ನ ಬುಧವಾರ ಬೆಳಗ್ಗೆ ಏಳಕ್ಕೆ." ಹೀಗೆ ಹೇಳುವಾಗ ಎದುರಿನವರು ಆಗ ಏನು ಮಾಡುತ್ತಿರುತ್ತಾರೆ ಎಂಬುದು ಒಂದು ಕ್ಷಣ ಮನಸ್ಸಿಗೆ ಬಂದೇ ಬರುತ್ತದೆ. ಹುಟ್ಟುಹಬ್ಬಕ್ಕೂ ಹೀಗೆಯೇ, ಹುಟ್ಟಿದವರು ಎಲ್ಲಿದ್ದಾರೋ ಅಲ್ಲಿಯ ತಾರೀಖು. ಹಬ್ಬಗಳ ಮಾತು ಇನ್ನೂ ತೊಡಕಿನದು, ಸ್ಥಳೀಯ ಪಂಚಾಂಗದ ಪ್ರಕಾರ ಕೆಲವು ಹಬ್ಬ ಅಲ್ಲಿ ಬೇರೆ ದಿನವೇ ಬರುತ್ತದೆ. ಅದನ್ನು ಹಿರಿಯರಿಗೆ ಬಿಡೋಣ.

ಮೂರನೆಯದು, ಒಬ್ಬರು ಮಲಗಿರುವಾಗಿನ ಎಂಟು ಗಂಟೆ. ಬೆಂಗಳೂರಿನ ಮಧ್ಯಾಹ್ನ ಎರಡಕ್ಕೆ ಶಾಲೆಯಿಂದ ಫೋನ್ ಬರುತ್ತದೆ, ಮಗು ಬಿದ್ದು ಮೊಣಕೈಗೆ ಪೆಟ್ಟಾಗಿದೆ. ಅಲ್ಲಿ ನಡುರಾತ್ರಿ ಒಂದೂವರೆ. ಎಬ್ಬಿಸಬೇಕೇ, ಬೇಡವೇ? ಎಬ್ಬಿಸದಿದ್ದರೆ "ನನಗೇಕೆ ಹೇಳಲಿಲ್ಲ?", ಎಬ್ಬಿಸಿದರೆ "ನಾನು ಇಲ್ಲಿಂದ ಏನು ಮಾಡ್ಲಿ?" ಇದನ್ನು ಮುಂಚೆಯೇ ಮಾತನಾಡಿಕೊಳ್ಳಬೇಕು. ಆಸ್ಪತ್ರೆಗೆ ಸೇರಿಸುವಂಥದು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬೇಕಾದದ್ದು, ಹಿರಿಯರ ಎದೆನೋವು, ಇಂಥವಕ್ಕೆ ಎಬ್ಬಿಸುವುದು. ಉಳಿದದ್ದಕ್ಕೆ ಎಲ್ಲ ವಿವರವಿರುವ ಒಂದೇ ವಾಯ್ಸ್ ಮೆಸೇಜ್, ಅದೂ "ಈಗ ಎಲ್ಲ ಸರಿಯಾಗಿದೆ" ಎಂಬ ಮಾತಿನಿಂದ ಶುರುವಾಗುವಂಥದು. ನಡುರಾತ್ರಿ ಕಣ್ಣುಬಿಟ್ಟವರು ಕೇಳಿಸಿಕೊಳ್ಳುವುದು ಮೊದಲ ವಾಕ್ಯವನ್ನಷ್ಟೇ. ಫೋನನ್ನು ಡು ನಾಟ್ ಡಿಸ್ಟರ್ಬ್‌ನಲ್ಲಿಟ್ಟು ಮಲಗುವವರು ಒಂದು ಸೌಲಭ್ಯವನ್ನು ತಿಳಿದಿರಬೇಕು: ಐಫೋನಿನಲ್ಲಿ ಮೂರು ನಿಮಿಷದೊಳಗೆ ಅದೇ ಸಂಖ್ಯೆಯಿಂದ ಎರಡನೇ ಸಲ ಕರೆ ಬಂದರೆ ಅದು ಗಂಟೆ ಬಾರಿಸುವಂತೆ ಇಡಬಹುದು, ಆಂಡ್ರಾಯ್ಡ್‌ನಲ್ಲೂ ಇಂಥದೇ ಏರ್ಪಾಟಿದೆ. ಸಾಲಾಗಿ ಎರಡು ಸಲ ಬಡಿದರೆ ಎದ್ದೇಳಬೇಕಾದ ವಿಷಯ ಎಂದು ಇಬ್ಬರ ನಡುವೆ ಒಪ್ಪಂದವಿರಲಿ, ಬೇರೆ ಯಾವುದಕ್ಕೂ ಅದನ್ನು ಬಳಸದಿರಲಿ. ಇಷ್ಟಿದ್ದರೆ ಮಲಗುವವರು ನೆಮ್ಮದಿಯಾಗಿ ಮಲಗುತ್ತಾರೆ, ಎಚ್ಚರವಿರುವವರಿಗೆ "ಬೇಕಾದರೆ ಸಿಗುತ್ತಾರೆ" ಎಂಬ ಧೈರ್ಯವಿರುತ್ತದೆ.

ಅದೇ ರೀತಿ ಹಣದ ವಿಷಯದಲ್ಲಿಯೂ, ಇಂತಿಷ್ಟು ಮೊತ್ತದವರೆಗೆ ಯಾರು ಬೇಕಾದರೂ ತಾವೇ ನಿರ್ಧರಿಸಬಹುದು, ಅದನ್ನು ಮೀರಿದರೆ ಇನ್ನೊಬ್ಬರು ಎದ್ದ ಮೇಲೆಯೇ ಎಂಬ ಮಿತಿ ಬೇಕು. ಈ ಸಂಸಾರಗಳು ಸಡಿಲವಾಗುವ ಮೊದಲ ಲಕ್ಷಣ ನನಗೆ ಕಾಣುವುದು ಇಲ್ಲಿಯೇ. ಕರೆಗಳ ಸಂಖ್ಯೆ ಕಡಿಮೆಯಾಗುವುದಕ್ಕೂ ಮುಂಚೆ, ಕೇಳಿ ಮಾಡುತ್ತಿದ್ದದ್ದು ಮಾಡಿ ಹೇಳುವುದಾಗುತ್ತದೆ. "ಮಗುವನ್ನು ಡ್ಯಾನ್ಸ್ ಕ್ಲಾಸಿಗೆ ಸೇರಿಸಲೇ?" ಎಂಬುದು "ಸೇರಿಸಿದೆ" ಎಂದಾಗುತ್ತದೆ, ಆಮೇಲೆ ಮಗುವಿನ ಬಾಯಿಂದ ತಿಳಿಯುತ್ತದೆ. ವಾಟ್ಸ್ಆ್ಯಪ್‌ನ ಲಾಸ್ಟ್ ಸೀನ್ ನೋಡಿ "ರಾತ್ರಿ ಎರಡಕ್ಕೆ ಎಚ್ಚರವಿದ್ದೆಯಲ್ಲ" ಎನ್ನಲು ಶುರು ಮಾಡುವುದು ಎರಡನೆಯ ಲಕ್ಷಣ. ಅದು ಕಂಡರೆ ಆ ಸೌಲಭ್ಯವನ್ನೇ ಇಬ್ಬರೂ ಮುಚ್ಚಿಡುವುದು ಒಳ್ಳೆಯದು.

ಕೊನೆಯದಾಗಿ ಭೇಟಿಗಳ ಬಗ್ಗೆ. ಲಾರಾ ಸ್ಟಾಫರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೂರದಲ್ಲಿದ್ದು ಆಮೇಲೆ ಒಂದೇ ಊರಿಗೆ ಬಂದ ಜೋಡಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ತಿಂಗಳೊಳಗೆ ಬೇರೆಯಾದದ್ದು ಕಂಡುಬಂತು. ಅವರು ಅಮೆರಿಕದ ಕಾಲೇಜು ಪ್ರೇಮಿಗಳು. ನಮ್ಮ ಮದುವೆಯಾದ ದಂಪತಿಗಳಿಗೆ ಆ ಪ್ರಮಾಣವನ್ನು ಹಾಗೇ ಹಚ್ಚಲಾಗದು. ಆದರೆ ಕಾರಣ ನಮಗೂ ಹೊಂದುತ್ತದೆ. ಕ್ರಿಸ್ಟಲ್ ಜಿಯಾಂಗ್ ಮತ್ತು ಜೆಫ್ರಿ ಹ್ಯಾನ್‌ಕಾಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೂರವಿರುವ ಜೋಡಿಗಳು ಮಾತನಾಡುವುದು ಕಡಿಮೆ ಸಲವಾದರೂ ಮನಸ್ಸು ಬಿಚ್ಚಿ ಹೇಳಿಕೊಳ್ಳುವುದು ಹೆಚ್ಚು, ಎದುರಿನವರನ್ನು ಇರುವುದಕ್ಕಿಂತ ಚೆಂದವಾಗಿ ಕಲ್ಪಿಸಿಕೊಳ್ಳುವುದೂ ಹೆಚ್ಚು. ಒಟ್ಟಿಗೆ ಇರಲು ತೊಡಗಿದಾಗ ಆ ಕಲ್ಪನೆಯ ಜಾಗಕ್ಕೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವ ಮನುಷ್ಯ ಬರುತ್ತಾನೆ.

ನಮ್ಮವರ ಭೇಟಿಗೆ ದೇಹದ ಗಡಿಯಾರವೂ ಅಡ್ಡ ಬರುತ್ತದೆ. ಹಗಲು ರಾತ್ರಿ ಅದಲುಬದಲಾದ ಊರಿಗೆ ಬಂದಾಗ ದೇಹ ಸ್ಥೂಲವಾಗಿ ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಎರಡು ವಾರದ ರಜೆಯಲ್ಲಿ ಬಂದವರ ಮೊದಲ ವಾರ ಮಧ್ಯಾಹ್ನ ತೂಕಡಿಸುತ್ತ, ನಡುರಾತ್ರಿ ಮೂರಕ್ಕೆ ಎದ್ದು ಕೂರುತ್ತ ಕಳೆಯುತ್ತದೆ. ಆ ವಾರದಲ್ಲೇ ನಾವು ಮನೆದೇವರ ಪ್ರಯಾಣ, ನೆಂಟರ ಮನೆಯ ಊಟ, ಬ್ಯಾಂಕಿನ ಕೆಲಸ ಎಲ್ಲವನ್ನೂ ತುರುಕುತ್ತೇವೆ. ಎರಡನೇ ವಾರದ ಕೊನೆಗೆ ಇಬ್ಬರೂ ಒಂದು ಸಂಜೆಯೂ ಸುಮ್ಮನೆ ಕೂತಿಲ್ಲ ಎಂಬುದು ವಿಮಾನ ನಿಲ್ದಾಣದ ದಾರಿಯಲ್ಲಿ ಹೊಳೆಯುತ್ತದೆ. ಮೊದಲ ನಾಲ್ಕು ದಿನ ಮನೆಯಿಂದ ಆಚೆಯ ಕಾರ್ಯಕ್ರಮ ಬೇಡ. ಆ ದಿನಗಳಲ್ಲಿ ಆತ ಶಾಲಾ ವ್ಯಾನಿನವರೆಗೆ ಹೋಗಿ ಬರಲಿ, ತರಕಾರಿ ತರಲಿ, ಆಕೆ ಒಬ್ಬರೇ ನಡೆಸಿಕೊಂಡು ಬಂದ ಮನೆಯ ಕ್ರಮವನ್ನು ತಿದ್ದಲು ಹೋಗದೆ ನೋಡಲಿ. ಊರ ದೇವಸ್ಥಾನ ಎರಡನೇ ವಾರಕ್ಕೂ ಅಲ್ಲೇ ಇರುತ್ತದೆ.

ಪ್ರತಿ ಮಾರ್ಚ್ ಮತ್ತು ಅಕ್ಟೋಬರಿನಲ್ಲಿ, ಗಡಿಯಾರ ಸರಿಯುವ ಒಂದೆರಡು ವಾರ ಮುಂಚೆ, ಭಾನುವಾರದ ಕರೆಯಲ್ಲಿ ಮುಂದಿನ ಅರ್ಧವರ್ಷದ ವೇಳಾಪಟ್ಟಿಯನ್ನು ಹೊಸದಾಗಿ ಬರೆಯಿರಿ. ಅದರ ಜೊತೆಗೆ ಮೂರು ವಿಷಯ ನೋಡಿ: ಕಳೆದ ಆರು ತಿಂಗಳಲ್ಲಿ ನಿದ್ದೆ ಬಿಟ್ಟವರು ಹೆಚ್ಚಾಗಿ ಯಾರು, ಯಾವ ಕರೆಗಳು ಪದೇ ಪದೇ ರದ್ದಾದವು, ಮತ್ತು ಒಟ್ಟಿಗೆ ಸೇರುವ ತಾರೀಖು ಎಂದು ಇಟ್ಟುಕೊಂಡದ್ದು ಅಲ್ಲೇ ಇದೆಯೋ ಮುಂದೆ ಹೋಯಿತೋ. ವೀಸಾ ಕಾರಣದಿಂದ ಒಂದು ಸಲ ಮುಂದೆ ಹೋಗುವುದು ಸಾಮಾನ್ಯ. ಎರಡು ಸಲ ಹೋಗಿದ್ದರೆ ವೇಳಾಪಟ್ಟಿಯನ್ನು ಬದಿಗಿಟ್ಟು, ಇಬ್ಬರಲ್ಲಿ ಯಾರ ಕೆಲಸ ಊರು ಬದಲಿಸಬಲ್ಲದು ಎಂಬ ಮಾತನ್ನು ಅದೇ ಭಾನುವಾರ ಎತ್ತಿಕೊಳ್ಳಬೇಕು.